ಸಜ್ಜಾ ಉದುರುವ ಮೊದಲೇ ಗೊತ್ತಾಗುತ್ತಾ? ಹಳೆ ಕಾಂಕ್ರೀಟಿಗೆ ಗುಲಾಬಿ ಬಣ್ಣದ ಪರೀಕ್ಷೆ

ಮಳೆಗಾಲ ಮುಗಿದು ಬಿಸಿಲು ಬಿದ್ದ ಮೇಲೆ ಪೇಟೆಯ ಹಳೆಯ ಕಾಂಪ್ಲೆಕ್ಸುಗಳಲ್ಲಿ ಒಂದು ಕೆಲಸ ಶುರುವಾಗುತ್ತೆ. ಬೆಳಿಗ್ಗೆ ಶಟರ್ ಎತ್ತಲು ಬಂದವರು ಮೆಟ್ಟಿಲ ಮೇಲೆ ಬಿದ್ದ ಕಾಂಕ್ರೀಟ್ ಚಕ್ಕೆಗಳನ್ನು ಗುಡಿಸಿ ಮೂಲೆಗೆ ಹಾಕುತ್ತಾರೆ. ತಲೆ ಎತ್ತಿ ನೋಡಿದರೆ ಸಜ್ಜಾದ ತಳದಲ್ಲಿ ಕೆಂಪಗೆ ತುಕ್ಕು ಹಿಡಿದ ಕಂಬಿ ಕಾಣುತ್ತೆ. ಬಾಡಿಗೆದಾರರು ಮಾಲೀಕರಿಗೆ ಫೋನ್ ಮಾಡುತ್ತಾರೆ, ಮಾಲೀಕರು ಮೇಸ್ತ್ರಿಗೆ ಹೇಳುತ್ತಾರೆ. ಮೇಸ್ತ್ರಿ ಬಂದು ನೋಡಿ, "ಎರಡು ಬಾಂಡ್ಲಿ ಸಿಮೆಂಟ್ ಹೊಡೆದ್ರೆ ಆಯ್ತು ಸಾರ್" ಅಂತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಮೆತ್ತಿದ ಸಿಮೆಂಟೂ ಕಳಚಿ ಬೀಳುತ್ತೆ, ಈ ಸಲ ಇನ್ನೂ ದೊಡ್ಡ ಚಕ್ಕೆಯಾಗಿ.

ಚಕ್ಕೆ ಉದುರುವುದು ಈ ಕಾಯಿಲೆಯ ಕೊನೆಯ ಹಂತ. ಅದು ಶುರುವಾಗಿರುವುದು ಹತ್ತು ಹದಿನೈದು ವರ್ಷ ಮೊದಲೇ, ಹೊರಗೆ ಏನೂ ಕಾಣದಿದ್ದಾಗ. ಹಾಗೆ ಏನೂ ಕಾಣದ ಕಾಲದಲ್ಲೇ ಕಂಬಿಗೆ ಅಪಾಯ ಎಷ್ಟು ಹತ್ತಿರ ಬಂದಿದೆ ಅಂತ ಅಳೆಯಲು ಒಂದು ಸರಳ ಪರೀಕ್ಷೆ ಇದೆ. ಬೇಕಾಗುವುದು ಉಳಿ, ಸುತ್ತಿಗೆ, ಸ್ಕೇಲು ಮತ್ತು ಶಾಲೆಯ ಪ್ರಯೋಗಾಲಯದಲ್ಲಿ ಎಲ್ಲರೂ ನೋಡಿರುವ ಫಿನಾಲ್ಫ್ಥಲೀನ್ ದ್ರಾವಣ. ಭಾರತೀಯ ಮಾನಕಗಳಲ್ಲಿ ಇದಕ್ಕೆ ಜಾಗ ಸಿಕ್ಕಿದೆ. ಐಎಸ್ 516ರ 5ನೇ ಭಾಗದ 3ನೇ ವಿಭಾಗವಾಗಿ 2021ರಲ್ಲಿ ಪ್ರಕಟವಾಗಿದೆ. ಹೆಸರು ಕಾರ್ಬೊನೇಷನ್ ಆಳದ ಪರೀಕ್ಷೆ.

ಕಂಬಿಯನ್ನು ಕಾಯುವುದು ಸಿಮೆಂಟಿನ ಸುಣ್ಣದ ಗುಣ

ಬರೀ ಕಬ್ಬಿಣದ ಕಂಬಿಯನ್ನು ಹಿತ್ತಲಲ್ಲಿ ಇಟ್ಟರೆ ಒಂದೇ ಮಳೆಗೆ ಕೆಂಪಾಗುತ್ತೆ. ಅದೇ ಕಂಬಿ ಕಾಂಕ್ರೀಟಿನೊಳಗೆ ಐವತ್ತು ವರ್ಷ ಹಾಗೇ ಇರಬಲ್ಲದು. ಕಾಂಕ್ರೀಟ್ ನೀರನ್ನು ಒಳಗೆ ಬಿಡಲ್ಲ, ಅದಕ್ಕೇ ಕಂಬಿ ಉಳಿಯುತ್ತೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಅರ್ಧ ಸತ್ಯ. ಕಾಂಕ್ರೀಟಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ತುಂಬಾ ಇವೆ, ತೇವವೂ ಒಳಗಿದ್ದೇ ಇರುತ್ತೆ. ಕಂಬಿಯನ್ನು ನಿಜವಾಗಿ ಕಾಯುವುದು ಆ ತೇವದ ಗುಣ.

ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಸುಣ್ಣ ಹುಟ್ಟುತ್ತೆ. ಆ ಸುಣ್ಣ, ಜೊತೆಗೆ ಸಿಮೆಂಟಿನಲ್ಲಿರುವ ಇನ್ನಷ್ಟು ಕ್ಷಾರ ಸೇರಿ ಒಳಗಿನ ತೇವವನ್ನು ತೀಕ್ಷ್ಣ ಕ್ಷಾರವಾಗಿ ಇಡುತ್ತವೆ. ಪಿಎಚ್ ಲೆಕ್ಕದಲ್ಲಿ ಅದು 12.5ರಿಂದ 13ರ ಆಸುಪಾಸು. ಕುಡಿಯುವ ನೀರು 7ರ ಹತ್ತಿರ ಇರುತ್ತೆ ಅಂತ ನೆನಪಿಟ್ಟರೆ ಇದು ಎಷ್ಟು ಖಾರ ಅಂತ ಗೊತ್ತಾಗುತ್ತೆ. ಗಾರೆ ಕೆಲಸದವರ ಬೆರಳುಗಳು ಸಿಮೆಂಟಿಗೆ ಬಿರಿಯುವುದೂ ಇದೇ ಕಾರಣಕ್ಕೆ. ಇಂಥ ಕ್ಷಾರದಲ್ಲಿ ಕಂಬಿಯ ಮೈಮೇಲೆ ತೀರಾ ತೆಳುವಾದ, ಬಿಗಿಯಾದ ಒಂದು ಪೊರೆ ಕಟ್ಟುತ್ತೆ. ಆ ಪೊರೆ ಇರುವ ತನಕ ತೇವ ಇದ್ದರೂ, ಗಾಳಿ ಇದ್ದರೂ ತುಕ್ಕು ಲೆಕ್ಕಕ್ಕೆ ಸಿಗುವಷ್ಟು ಬೆಳೆಯಲ್ಲ.

ಇದನ್ನು ಕೆಡಿಸುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್. ಗಾಳಿಯಲ್ಲಿ ಅದು ಇರುವುದು ಸುಮಾರು ಶೇ. 0.04 ಮಾತ್ರ. ಆದರೆ ಹಗಲು ರಾತ್ರಿ ಎನ್ನದೆ ರಂಧ್ರಗಳ ಮೂಲಕ ಒಳಗೆ ಇಳಿಯುತ್ತಲೇ ಇರುತ್ತೆ. ಒಳಗೆ ಹೋಗಿ ಸುಣ್ಣದ ಜೊತೆ ಸೇರಿ ಸುಣ್ಣಕಲ್ಲಾಗುತ್ತೆ. ಎಲೆ ಅಡಿಕೆಯ ಸುಣ್ಣದ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಮೇಲ್ಗಡೆ ಗಟ್ಟಿ ಪದರ ಕಟ್ಟಿ, ನಾಲಿಗೆ ಸುಡುವ ಖಾರ ಹೋಗಿಬಿಡುತ್ತಲ್ಲ, ಅದೇ ರಾಸಾಯನಿಕ ಕ್ರಿಯೆ. ಕಾಂಕ್ರೀಟಿನ ಹೊರಮೈಯಿಂದ ಶುರುವಾಗಿ ಈ ಬದಲಾವಣೆ ವರ್ಷದಿಂದ ವರ್ಷಕ್ಕೆ ಒಳಗೆ ಸರಿಯುತ್ತೆ. ಬದಲಾದ ಭಾಗದಲ್ಲಿ ಪಿಎಚ್ 9ಕ್ಕಿಂತ ಕೆಳಗೆ ಇಳಿದಿರುತ್ತೆ. ಆ ಗಡಿ ಕಂಬಿಯ ತನಕ ಬಂದ ದಿನ ಕಂಬಿಯ ಪೊರೆ ಕರಗುತ್ತೆ. ಅಲ್ಲಿಂದ ಮುಂದೆ ನೀರು ಮತ್ತು ಗಾಳಿ ಎರಡೂ ಸಿಕ್ಕರೆ ತುಕ್ಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಕಾರ್ಬೊನೇಷನ್ ಆದ ಕಾಂಕ್ರೀಟ್ ಕೊಳೆತ ಕಾಂಕ್ರೀಟ್ ಅಲ್ಲ. ಅದರ ಮೇಲ್ಮೈ ಇನ್ನೂ ಸ್ವಲ್ಪ ಗಟ್ಟಿಯೇ ಆಗಿರುತ್ತೆ. ಸ್ಪ್ರಿಂಗ್ ಸುತ್ತಿಗೆ, ಅಂದರೆ ರಿಬೌಂಡ್ ಹ್ಯಾಮರ್ ಹಿಡಿದು ಹಳೆ ಕಟ್ಟಡ ನೋಡಲು ಬಂದವರು "ಒಳ್ಳೆ ಸ್ಟ್ರಾಂಗ್ ಇದೆ" ಅಂತ ವರದಿ ಕೊಟ್ಟು ಹೋಗುವುದಕ್ಕೆ ಇದೂ ಒಂದು ಕಾರಣ. ಗಟ್ಟಿಯಾದ ಆ ಸಿಪ್ಪೆ ಸುತ್ತಿಗೆಯನ್ನು ಹೆಚ್ಚು ಪುಟಿಸುತ್ತೆ, ಅಂಕಿ ಜಾಸ್ತಿ ಬರುತ್ತೆ. ಕಾಂಕ್ರೀಟ್ ಗಟ್ಟಿ ಇದ್ದರೂ ಕಂಬಿಗೆ ಇದ್ದ ರಕ್ಷಣೆ ಹೋಗಿರಬಹುದು.

ಆರತಿ ತಟ್ಟೆಯ ವಿದ್ಯೆ

ಅರಿಸಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತೆ ಅಂತ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಆರತಿ ನೀರು ಹಾಗೇ ಅಲ್ಲವೇ ಮಾಡುವುದು? ಸುಣ್ಣದ ಕ್ಷಾರ ಅರಿಸಿನದ ಬಣ್ಣ ಬದಲಿಸುತ್ತೆ. ಫಿನಾಲ್ಫ್ಥಲೀನ್ ಮಾಡುವುದೂ ಅದನ್ನೇ, ಇನ್ನಷ್ಟು ಸ್ಪಷ್ಟವಾಗಿ. ಕ್ಷಾರ ಉಳಿದಿರುವ ಕಡೆ ಕಡು ಗುಲಾಬಿ ಬಣ್ಣ ಬರುತ್ತೆ. ಕ್ಷಾರ ಹೋದ ಕಡೆ ಬಣ್ಣವೇ ಇಲ್ಲ, ಕಾಂಕ್ರೀಟ್ ಬೂದು ಬಣ್ಣದಲ್ಲೇ ಉಳಿಯುತ್ತೆ. ಎರಡರ ನಡುವಿನ ಗಡಿ ಪಿಎಚ್ 9ರ ಹತ್ತಿರ ಬೀಳುತ್ತೆ. ಒಡೆದ ಕಾಂಕ್ರೀಟಿನ ಮುಖದ ಮೇಲೆ ಆ ಗೆರೆ ಬರಿಗಣ್ಣಿಗೇ ಕಾಣುತ್ತೆ, ಅಷ್ಟು ಚೊಕ್ಕ.

ದ್ರಾವಣ ಎಂದರೆ ಒಂದು ಗ್ರಾಂ ಫಿನಾಲ್ಫ್ಥಲೀನ್ ಪುಡಿಯನ್ನು 70 ಮಿ.ಲೀ. ಈಥೈಲ್ ಆಲ್ಕೋಹಾಲಿನಲ್ಲಿ ಕರಗಿಸಿ, ನೀರು ಸೇರಿಸಿ 100 ಮಿ.ಲೀ. ಮಾಡಿದ್ದು. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗಳಲ್ಲಿ ತಯಾರು ದ್ರಾವಣವೂ ಸಿಗುತ್ತೆ. ಆಲ್ಕೋಹಾಲ್ ಇರುವುದರಿಂದ ಬೀಡಿ ಸಿಗರೇಟು, ವೆಲ್ಡಿಂಗ್ ಕಿಡಿ ಹತ್ತಿರ ಬರಬಾರದು. ಈ ಪುಡಿಯನ್ನು ಹಿಂದೆ ಭೇದಿ ಮಾತ್ರೆಯಲ್ಲಿ ಬಳಸುತ್ತಿದ್ದರು, ಕ್ಯಾನ್ಸರ್ ತರಬಹುದೆಂಬ ಅನುಮಾನದಿಂದ ಆಮೇಲೆ ಬಿಟ್ಟರು. ಹಾಗಾಗಿ ಕೈಗವಸು, ಕನ್ನಡಕ ಹಾಕಿಕೊಂಡು, ಗಾಳಿ ಬರುವ ದಿಕ್ಕಿಗೆ ಬೆನ್ನು ಕೊಟ್ಟು ಸಿಂಪಡಿಸಬೇಕು.

ಎಲ್ಲಿ ತಪ್ಪುತ್ತೆ ಅಂದರೆ

ಪರೀಕ್ಷೆ ಸರಳ ನಿಜ, ಆದರೆ ಸುಳ್ಳು ಫಲಿತಾಂಶ ಬರುವುದೂ ಅಷ್ಟೇ ಸುಲಭ. ಹೆಚ್ಚು ಜನ ಮಾಡುವ ತಪ್ಪು, ಈಗಾಗಲೇ ಉದುರಿ ಬಿದ್ದ ಜಾಗಕ್ಕೆ ಸಿಂಪಡಿಸುವುದು. ಹೋದ ವರ್ಷ ಚಕ್ಕೆ ಬಿದ್ದ ಗಾಯದ ಮುಖ ಅಷ್ಟು ದಿನ ಗಾಳಿಗೆ ತೆರೆದುಕೊಂಡಿರುತ್ತೆ. ಆ ಮುಖವೇ ಸುಣ್ಣ ಕಳೆದುಕೊಂಡಿರುವುದರಿಂದ ಬಣ್ಣ ಬರಲ್ಲ. ಇಡೀ ಸ್ಲ್ಯಾಬೇ ಹೋಯಿತು ಅಂತ ಗಾಬರಿಯಾಗುತ್ತೆ. ಸಿಂಪಡಿಸಬೇಕಾದದ್ದು ಆಗ ತಾನೇ ಒಡೆದ ಹಸಿ ಮುಖಕ್ಕೆ, ಅದೂ ತಡಮಾಡದೆ.

ಎರಡನೆಯದು ಧೂಳು. ಡ್ರಿಲ್ ಅಥವಾ ಗ್ರೈಂಡರ್ ಹಾಕಿದಾಗ ಒಳಗಿನ ಸುಣ್ಣದ ಪುಡಿ ಹೊರಗಿನ ಭಾಗಕ್ಕೂ ಮೆತ್ತಿಕೊಳ್ಳುತ್ತೆ. ಅದರ ಮೇಲೆ ದ್ರಾವಣ ಬಿದ್ದರೆ ಎಲ್ಲಾ ಕಡೆ ಗುಲಾಬಿ. "ಸೂಪರ್ ಇದೆ ಸಾರ್" ಅನ್ನುವ ವರದಿ ಹುಟ್ಟುವುದು ಹೀಗೆ. ಆದ್ದರಿಂದ ಉಳಿಯಿಂದಲೇ ಕೊನೆಯ ಏಟು ಹಾಕಿ ಮುಖ ಒಡೆಯಬೇಕು. ಧೂಳನ್ನು ಬ್ರಷ್ಷಿನಿಂದ ಅಥವಾ ಕೈಪಂಪಿನ ಗಾಳಿಯಿಂದ ತೆಗೆಯಬೇಕು. ನೀರು ಹಾಕಿ ತೊಳೆದರೆ ಒಳಗಿನ ಸುಣ್ಣ ನೀರಿನ ಜೊತೆ ಹರಡಿ ಗಡಿ ಕಲಸಿಹೋಗುತ್ತೆ.

ಮೂರನೆಯದು ಪ್ಲಾಸ್ಟರ್. ನಮ್ಮ ಕಡೆ ಸ್ಲ್ಯಾಬಿನ ತಳಕ್ಕೆ, ಪಿಲ್ಲರಿಗೆ ಪ್ಲಾಸ್ಟರ್ ಇಲ್ಲದ ಕಟ್ಟಡ ಕಡಿಮೆ. ಆಳ ಅಳೆಯುವುದು ಕಾಂಕ್ರೀಟಿನ ಮೈಯಿಂದ, ಪ್ಲಾಸ್ಟರಿನ ಮೈಯಿಂದ ಅಲ್ಲ. ಪ್ಲಾಸ್ಟರ್ ಎಷ್ಟು ದಪ್ಪ ಇತ್ತು ಅಂತ ಬೇರೆಯಾಗಿ ಬರೆದಿಡಬೇಕು. ಎರಡನ್ನೂ ಕಲಸಿದರೆ ಮುಂದಿನ ಲೆಕ್ಕವೆಲ್ಲ ಹಾಳು.

ಗೆರೆ ನೇರವಾಗಿಯೂ ಇರಲ್ಲ. ಜಲ್ಲಿಕಲ್ಲಿಗೆ ಬಣ್ಣ ಬರುವುದಿಲ್ಲ, ಗೆರೆ ಅದರ ಸುತ್ತ ಬಳಸಿ ಹೋಗುತ್ತೆ. ಬಿರುಕು ಇರುವ ಕಡೆ, ಜೇನುಗೂಡಿನಂತೆ ಟೊಳ್ಳು ಬಿದ್ದ ಕಡೆ ಬಣ್ಣವಿಲ್ಲದ ಭಾಗ ಬೆರಳಿನಂತೆ ಒಳಗೆ ಚಾಚಿಕೊಂಡಿರುತ್ತೆ. ಅದಕ್ಕೇ ಒಂದೇ ಕಡೆ ಸ್ಕೇಲ್ ಇಡದೆ ಐದಾರು ಕಡೆ ಅಳೆದು ಸರಾಸರಿಯನ್ನೂ, ಎಲ್ಲಕ್ಕಿಂತ ಹೆಚ್ಚಿನ ಆಳವನ್ನೂ ಬರೆದುಕೊಳ್ಳಬೇಕು.

ಇಷ್ಟಾದರೂ ಅರ್ಧ ಕೆಲಸವೇ ಆಯಿತು. ಆಳ 18 ಮಿ.ಮೀ. ಅಂತ ಬಂದರೆ ಅದು ಒಳ್ಳೆಯದೋ ಕೆಟ್ಟದ್ದೋ ಹೇಳಲಿಕ್ಕಾಗಲ್ಲ. ಕಂಬಿ ಎಷ್ಟು ಆಳದಲ್ಲಿದೆ ಅನ್ನುವುದೂ ಬೇಕು. ಅದನ್ನು ಕವರ್ ಮೀಟರ್ ಎಂಬ ಕೈಯಂತ್ರದಿಂದ ಒಡೆಯದೇ ನೋಡಬಹುದು, ಇಲ್ಲವೇ ಅದೇ ಗುಂಡಿಯನ್ನು ಕಂಬಿ ಸಿಗುವ ತನಕ ಒಡೆದು ಸ್ಕೇಲ್ ಇಡಬಹುದು. 1978ರ ಐಎಸ್ 456ರಲ್ಲಿ ಸ್ಲ್ಯಾಬಿಗೆ ಕನಿಷ್ಠ 15 ಮಿ.ಮೀ., ಬೀಮಿಗೆ 25, ಪಿಲ್ಲರಿಗೆ 40 ಮಿ.ಮೀ. ಕವರ್ ಹೇಳಿದ್ದರು. ಎಂಬತ್ತು ತೊಂಬತ್ತರ ದಶಕದ ಕಟ್ಟಡಗಳೆಲ್ಲ ಈ ನಿಯಮದ ಕಾಲದವು. ಆದರೆ ಕಾಗದದ ಮೇಲಿನ 15 ಮಿ.ಮೀ. ಸೆಂಟ್ರಿಂಗ್ ಹಲಗೆಯ ಮೇಲೆ ಎಷ್ಟು ಉಳಿಯಿತು ಅನ್ನುವುದು ಬೇರೆ ಮಾತು. ಕವರ್ ಬ್ಲಾಕ್ ಇಡದೆ ಜಲ್ಲಿ ಚೂರು ಸಿಕ್ಕಿಸಿ ಕಾಂಕ್ರೀಟ್ ಹಾಕಿದ ಕಡೆಗಳಲ್ಲಿ ಕಂಬಿ ಐದು ಮಿ.ಮೀ. ಆಳದಲ್ಲೇ ಸಿಗುತ್ತೆ.

ಒಂದು ಕಟ್ಟಡದ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇದು ಲೆಕ್ಕಕ್ಕಾಗಿ ಊಹಿಸಿಕೊಂಡ ಕಟ್ಟಡ, ಆದರೆ ಇಂಥದ್ದು ಯಾವ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತೆ. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಎರಡು ಅಂತಸ್ತಿನ ಎಂಟು ಮಳಿಗೆಯ ಕಾಂಪ್ಲೆಕ್ಸ್. ಕಟ್ಟಿದ್ದು 1989ರಲ್ಲಿ, ಪರೀಕ್ಷೆ 2025ರಲ್ಲಿ. ಅಂದರೆ 36 ವರ್ಷ. ಮೂರು ಕಡೆ ಗುಂಡಿ ತೆಗೆದರು ಅಂದುಕೊಳ್ಳಿ: ಜಗಲಿಯ ಪಿಲ್ಲರ್, ಬಟ್ಟೆ ಅಂಗಡಿಯ ಒಳಗಿನ ಸ್ಲ್ಯಾಬಿನ ತಳ, ಮುಂದಿನ ಸಜ್ಜಾದ ತಳ.

ಪಿಲ್ಲರಿನಲ್ಲಿ ಬಣ್ಣವಿಲ್ಲದ ಆಳ 12 ಮಿ.ಮೀ., ಕಂಬಿ ಇರುವುದು 38 ಮಿ.ಮೀ. ಆಳದಲ್ಲಿ. ಕಾರ್ಬೊನೇಷನ್ ಒಳಗೆ ಹೋಗುವ ವೇಗ ಹೋಗ್ತಾ ಹೋಗ್ತಾ ಕಡಿಮೆಯಾಗುತ್ತೆ, ಯಾಕೆಂದರೆ ಗಾಳಿ ದಾಟಬೇಕಾದ ದೂರ ಹೆಚ್ಚುತ್ತಾ ಹೋಗುತ್ತೆ. ಸಾಮಾನ್ಯ ಲೆಕ್ಕ ಏನೆಂದರೆ ಆಳ ಎರಡರಷ್ಟಾಗಲು ಕಾಲ ನಾಲ್ಕರಷ್ಟು ಬೇಕು. 36 ವರ್ಷಕ್ಕೆ 12 ಮಿ.ಮೀ. ಆಗಿದ್ದರೆ 24 ಮಿ.ಮೀ. ಆಗುವುದು 144ನೇ ವರ್ಷಕ್ಕೆ. ಪಿಲ್ಲರ್ ಬಗ್ಗೆ ಈ ಕಾರಣಕ್ಕೆ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ಬಟ್ಟೆ ಅಂಗಡಿಯೊಳಗೆ ಪ್ಲಾಸ್ಟರ್ 8 ಮಿ.ಮೀ. ತೆಗೆದ ಮೇಲೆ ಕಾಂಕ್ರೀಟಿನಲ್ಲಿ 18 ಮಿ.ಮೀ. ತನಕ ಬಣ್ಣವಿಲ್ಲ. ಕಂಬಿ 15 ಮಿ.ಮೀ.ನಲ್ಲಿದೆ. ಗಡಿ ಕಂಬಿಯನ್ನು ದಾಟಿ ಮುಂದೆ ಹೋಗಿದೆ. ಹಿಂದಕ್ಕೆ ಲೆಕ್ಕ ಹಾಕಿದರೆ: 18ನ್ನು 36ರ ವರ್ಗಮೂಲವಾದ 6ರಿಂದ ಭಾಗಿಸಿದರೆ 3. ಆ 3ರಿಂದ 15ನ್ನು ಭಾಗಿಸಿದರೆ 5, ಅದರ ವರ್ಗ 25. ಅಂದರೆ ಕಟ್ಟಿದ 25ನೇ ವರ್ಷ, 2014ರ ಹೊತ್ತಿಗೇ ಗಡಿ ಕಂಬಿ ಮುಟ್ಟಿದೆ. ಹನ್ನೊಂದು ವರ್ಷದಿಂದ ಆ ಕಂಬಿಗೆ ರಕ್ಷಣೆ ಇಲ್ಲ. ಆದರೆ ಗುಂಡಿಯಲ್ಲಿ ಕಂಬಿ ನೋಡಿದರೆ ಕೆಂಪು ತುಕ್ಕಿಲ್ಲ, ಕಪ್ಪು ಬೂದು ಬಣ್ಣದಲ್ಲೇ ಇದೆ.

ಸಜ್ಜಾದ ತಳದಲ್ಲಿ ಆಳ ಕಡಿಮೆ, ಸರಾಸರಿ 11 ಮಿ.ಮೀ. ಆದರೆ ಅಲ್ಲಿ ಕಂಬಿ ಇರುವುದು 8 ಮಿ.ಮೀ.ನಲ್ಲಿ, ಅದರ ಸುತ್ತ ತುಕ್ಕು ಪದರ ಪದರವಾಗಿ ಉಬ್ಬಿದೆ.

ಒಳಗೆ ಹೆಚ್ಚು ಆಳ, ತುಕ್ಕಿಲ್ಲ. ಹೊರಗೆ ಕಡಿಮೆ ಆಳ, ತುಕ್ಕಿದೆ. ಬರೀ ಅಂಕಿ ನೋಡುವವರಿಗೆ ಇದು ತಲೆಕೆಳಗಾಗಿ ಕಾಣುತ್ತೆ. ಈ ಪರೀಕ್ಷೆಯನ್ನು ಓದುವ ವಿದ್ಯೆ ಇರುವುದೇ ಇಲ್ಲಿ.

ತೇವದ ಎರಡು ಮುಖ

ಕಾರ್ಬೊನೇಷನ್ ಬೇಗ ಸಾಗುವುದು ಕಾಂಕ್ರೀಟ್ ಹದವಾಗಿ ಒಣಗಿರುವಾಗ, ಗಾಳಿಯ ತೇವಾಂಶ ಶೇ. 50ರಿಂದ 70ರ ನಡುವೆ ಇರುವಾಗ. ರಂಧ್ರಗಳು ನೀರಿನಿಂದ ತುಂಬಿದ್ದರೆ ಗಾಳಿಗೆ ಒಳಗೆ ದಾರಿಯಿಲ್ಲ. ಪೂರ್ತಿ ಒಣಗಿದ್ದರೆ ಕ್ರಿಯೆ ನಡೆಯಲು ಬೇಕಾದಷ್ಟು ತೇವವೇ ಇರಲ್ಲ. ಅಂಗಡಿಯ ಒಳಗಿನ ಸ್ಲ್ಯಾಬು ವರ್ಷವಿಡೀ ಈ ನಡುವಿನ ಸ್ಥಿತಿಯಲ್ಲಿ ಇರುತ್ತೆ, ಅದಕ್ಕೇ ಅಲ್ಲಿ ಗಡಿ ಬೇಗ ಒಳಗೆ ಹೋಗಿದೆ. ಸಜ್ಜಾ ಮಳೆಗಾಲದ ನಾಲ್ಕು ತಿಂಗಳು ನೆನೆದಿರುವುದರಿಂದ ಅಲ್ಲಿ ಗಡಿ ನಿಧಾನ. ಮೇಲಿನ ವರ್ಗಮೂಲದ ಲೆಕ್ಕವೂ ಒಣಗಿದ, ನೆರಳಿನ ಜಾಗಕ್ಕೆ ಮಾತ್ರ ಚೆನ್ನಾಗಿ ಹೊಂದುತ್ತೆ. ಮಳೆ ಹೊಡೆಯುವ ಕಡೆ ಅದನ್ನು ನೆಚ್ಚಿ ವರ್ಷ ಹೇಳುವುದು ತಪ್ಪಾಗುತ್ತೆ.

ತುಕ್ಕಿನ ಲೆಕ್ಕ ಬೇರೆ. ಅದಕ್ಕೆ ನೀರು ಬೇಕೇ ಬೇಕು. ಪೊರೆ ಹೋದ ಕಂಬಿಯೂ ಒಣ ಕಾಂಕ್ರೀಟಿನಲ್ಲಿ ಸುಮ್ಮನೆ ಇರುತ್ತೆ. ನೆನೆದು ಒಣಗಿ, ಮತ್ತೆ ನೆನೆಯುವ ಜಾಗದಲ್ಲಿ ಅದೇ ಕಂಬಿ ಬೇಗ ತಿಂದುಹೋಗುತ್ತೆ. ಸಾಗರ, ತೀರ್ಥಹಳ್ಳಿ ಕಡೆಯ ಮಳೆಯನ್ನು ಎದುರಿಸುವ ಸಜ್ಜಾ, ಪ್ಯಾರಪೆಟ್, ಬಾಲ್ಕನಿ ಅಂಚುಗಳೇ ಮೊದಲು ಉದುರುವುದಕ್ಕೆ ಇದು ಕಾರಣ.

ಅಂದರೆ ಬಟ್ಟೆ ಅಂಗಡಿಯ ಸ್ಲ್ಯಾಬು ಈಗ ಸರಿ ಇದೆ, ಆದರೆ ಒಣಗಿರುವ ತನಕ ಮಾತ್ರ. ಮೇಲಿನ ಮಹಡಿಯಲ್ಲಿ ಇಷ್ಟು ದಿನ ಎಲ್‌ಐಸಿ ಏಜೆಂಟರ ಆಫೀಸೋ ಟೈಲರಿಂಗ್ ಅಂಗಡಿಯೋ ಇತ್ತು. ಅದನ್ನು ಖಾಲಿ ಮಾಡಿಸಿ ಹೋಟೆಲಿಗೆ ಬಾಡಿಗೆ ಕೊಟ್ಟರು, ಪಾತ್ರೆ ತೊಳೆಯುವ ಜಾಗದ ನೀರು ಸ್ಲ್ಯಾಬಿಗೆ ಇಳಿಯತೊಡಗಿತು ಅಂದರೆ ಕಥೆಯೇ ಬೇರೆಯಾಗುತ್ತೆ. ಗಡಿ ಕಂಬಿ ದಾಟಿಲ್ಲದ ಸ್ಲ್ಯಾಬು ಇಂಥ ಸೋರಿಕೆಯನ್ನು ಎಷ್ಟೋ ಕಾಲ ತಡೆದುಕೊಳ್ಳುತ್ತೆ. ಗಡಿ ದಾಟಿದ ಸ್ಲ್ಯಾಬಿಗೆ ತಡೆಯುವ ಶಕ್ತಿ ಉಳಿದಿಲ್ಲ. ಬಾತ್‌ರೂಂ, ಸಿಂಕು, ನೀರಿನ ಟ್ಯಾಂಕು ಹೊಸದಾಗಿ ಕೂರಿಸುವ ಮೊದಲು ಕೆಳಗಿನ ಸ್ಲ್ಯಾಬಿಗೆ ಈ ಪರೀಕ್ಷೆ ಮಾಡಿಸುವುದು ಲಾಭದ ಕೆಲಸ. ಬಾಡಿಗೆ ಕರಾರು ಮಾಡಿಕೊಳ್ಳುವ ಇಬ್ಬರಿಗೂ.

ಸಜ್ಜಾದ ಗುಟ್ಟು ಮೇಲ್ಗಡೆ ಇದೆ

ಸಜ್ಜಾದ ವಿಷಯದಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಕೆಳಗಿನಿಂದ ಕಾಣುವ ತುಕ್ಕು ಕಂಬಿಯೇ ಎಲ್ಲಾ ಅಂತ ಜನ ಹೆದರುತ್ತಾರೆ. ಆದರೆ ಗೋಡೆಯಿಂದ ಹೊರಗೆ ಚಾಚಿದ ಸಜ್ಜಾವನ್ನು ಹಿಡಿದು ನಿಲ್ಲಿಸುವ ಮುಖ್ಯ ಕಂಬಿ ಇರಬೇಕಾದದ್ದು ಮೇಲ್ಭಾಗದಲ್ಲಿ. ಅದು ತಿಂದುಹೋದರೆ ಚಕ್ಕೆ ಬೀಳಲ್ಲ, ಇಡೀ ಸಜ್ಜಾ ಗೋಡೆಯ ಬುಡದಲ್ಲಿ ಮುರಿದು ಕೆಳಗೆ ಬರುತ್ತೆ. ಕೆಳಗೆ ನಿಂತಿರುವುದು ಗಿರಾಕಿಗಳು, ಬಸ್ಸಿಗೆ ಕಾಯುವ ಶಾಲಾ ಮಕ್ಕಳು.

ಮೇಲ್ಭಾಗದಲ್ಲೇ ನೀರು ನಿಲ್ಲುವುದು, ಎಲೆ ಕೊಳೆಯುವುದು, ಅರಳಿ ಗಿಡ ಹುಟ್ಟುವುದು. ಅಂಗಡಿ ಬೋರ್ಡಿನ ಬೋಲ್ಟುಗಳನ್ನೂ ಅಲ್ಲೇ ಡ್ರಿಲ್ ಮಾಡಿ ಕೂರಿಸುತ್ತಾರೆ. ಬೋರ್ಡು ಬದಲಾದಾಗ ಹಳೆ ತೂತು ಹಾಗೇ ಉಳಿದು ನೀರು ನೇರ ಕಂಬಿಗೆ ಇಳಿಯುತ್ತೆ. ಹಾಗಾಗಿ ಸಜ್ಜಾ ಪರೀಕ್ಷಿಸುವಾಗ ಗೋಡೆಗೆ ಹತ್ತಿರ, ಮೇಲ್ಗಡೆಯೂ ಒಂದು ಗುಂಡಿ ತೆಗೆಯಲೇಬೇಕು.

ನಮ್ಮ ಉದಾಹರಣೆಯ 100 ಮಿ.ಮೀ. ದಪ್ಪದ ಸಜ್ಜಾದಲ್ಲಿ ಮೇಲಿನಿಂದ ಬಣ್ಣವಿಲ್ಲದ ಆಳ 9 ಮಿ.ಮೀ. ಬಂತು, 8 ಮಿ.ಮೀ. ದಪ್ಪದ ಮುಖ್ಯ ಕಂಬಿ ಸಿಕ್ಕಿದ್ದು 45 ಮಿ.ಮೀ. ಆಳದಲ್ಲಿ ಅಂತಿಟ್ಟುಕೊಳ್ಳಿ. ತುಕ್ಕಿನ ದೃಷ್ಟಿಯಿಂದ ಕಂಬಿ ಸುರಕ್ಷಿತ. ಆದರೆ ಅದು 20 ಮಿ.ಮೀ. ಆಳದಲ್ಲಿ ಇರಬೇಕಿತ್ತು, ಕಾಂಕ್ರೀಟ್ ಹಾಕುವ ದಿನ ಕೆಲಸದವರು ತುಳಿದು ಕೆಳಗೆ ಇಳಿದಿದೆ. ಇದರಿಂದ ಸಜ್ಜಾದ ಹೊರುವ ಶಕ್ತಿ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿರುತ್ತೆ. ಪರೀಕ್ಷೆ ಹುಡುಕಲು ಹೋದದ್ದು ಇದನ್ನಲ್ಲ, ಆದರೆ ಗುಂಡಿ ತೆಗೆದಾಗ ಇಂಥದ್ದು ಸಿಕ್ಕರೆ ಎಂಜಿನಿಯರ್ ಸುಮ್ಮನೆ ಬಿಡಬಾರದು. ಅಂಥ ಸಜ್ಜಾದ ಮೇಲೆ ಭಾರದ ಕಬ್ಬಿಣದ ಬೋರ್ಡು, ಎಸಿ ಯಂತ್ರ ಇಡುವುದನ್ನು ಅವತ್ತೇ ನಿಲ್ಲಿಸಬೇಕು.

ಗುಲಾಬಿ ಬಂದರೂ ನಂಬಬಾರದ ಸಂದರ್ಭ

ಈ ದ್ರಾವಣಕ್ಕೆ ಉಪ್ಪು ಕಾಣುವುದಿಲ್ಲ. ಕಡಲ ಗಾಳಿಯಿಂದಲೋ, ಉಪ್ಪಿನಂಶದ ಮರಳು ಅಥವಾ ನೀರಿನಿಂದಲೋ ಕಾಂಕ್ರೀಟಿಗೆ ಕ್ಲೋರೈಡ್ ಸೇರಿದ್ದರೆ ಪಿಎಚ್ 12.5 ಇದ್ದರೂ ಕಂಬಿಯ ಪೊರೆ ತೂತು ಬೀಳುತ್ತೆ. ಕಾರವಾರ, ಕುಂದಾಪುರದಂಥ ಊರಿನ ಕಟ್ಟಡದಲ್ಲಿ ಮುಖವೆಲ್ಲ ಗುಲಾಬಿ ಬಂದು, ನಡುವೆ ಕಂಬಿ ಮಾತ್ರ ತುಕ್ಕು ಹಿಡಿದಿರಬಹುದು. ಕಡು ಗುಲಾಬಿಯ ನಡುವೆ ತುಕ್ಕು ಕಂಡರೆ ಅದೇ ಸುಳಿವು: ಕಾಂಕ್ರೀಟಿನ ಪುಡಿ ತೆಗೆದು ಪ್ರಯೋಗಾಲಯದಲ್ಲಿ ಕ್ಲೋರೈಡ್ ಪರೀಕ್ಷೆ ಮಾಡಿಸಬೇಕು. ಘಟ್ಟದ ಮೇಲಿನ ಊರುಗಳಲ್ಲಿ ಮೀನು ಮಾರುಕಟ್ಟೆ, ಉಪ್ಪಿನ ಗೋದಾಮು, ಗೊಬ್ಬರದ ಮಳಿಗೆಗಳನ್ನೂ ಇದೇ ಅನುಮಾನದಿಂದ ನೋಡಬೇಕು.

ಇನ್ನೊಂದು ಮಿತಿ ಗಡಿಯದ್ದೇ. ಬಣ್ಣದ ಗೆರೆ ಚೊಕ್ಕವಾಗಿ ಕಂಡರೂ ಕ್ಷಾರ ಒಮ್ಮೆಲೇ 9ರಿಂದ 13ಕ್ಕೆ ಜಿಗಿಯುವುದಿಲ್ಲ. ಗುಲಾಬಿ ಶುರುವಾದ ಮೇಲೂ ಕೆಲವು ಮಿ.ಮೀ. ತನಕ ಕ್ಷಾರ ಕುಗ್ಗಿರುತ್ತೆ. ಅದಕ್ಕೇ ಗೆರೆ ಕಂಬಿಗೆ 5 ಮಿ.ಮೀ. ಹತ್ತಿರ ಬಂದಿದ್ದರೆ ಮುಟ್ಟಿತು ಅಂತಲೇ ಲೆಕ್ಕ ಹಿಡಿಯುವುದು ಕ್ಷೇಮ.

ಫಲಿತಾಂಶ ಬಂದ ಮೇಲೆ

ಗಡಿ ಕಂಬಿಯಿಂದ ದೂರ ಇದ್ದರೆ, ನಮ್ಮ ಪಿಲ್ಲರಿನ ಹಾಗೆ, ಏನೂ ಒಡೆಯಬೇಕಾಗಿಲ್ಲ. ಗಡಿ ದಾಟಿದ್ದರೂ ಕಂಬಿ ಚೊಕ್ಕಟ ಇದ್ದರೆ ದುಡ್ಡು ಹಾಕಬೇಕಾದದ್ದು ನೀರು ತಡೆಯುವುದಕ್ಕೆ. ತಾರಸಿಯ ಇಳಿಜಾರು ಸರಿ ಮಾಡುವುದು, ಸೋರುವ ಪೈಪು ಬದಲಿಸುವುದು, ಹೊರಗಿನ ಮುಖಕ್ಕೆ ಇಂಗಾಲದ ಡೈಆಕ್ಸೈಡ್ ಒಳಗೆ ಬಿಡದ ಆಂಟಿ ಕಾರ್ಬೊನೇಷನ್ ಪೇಂಟು ಹೊಡೆಸುವುದು. ಆದರೆ ತುಕ್ಕು ಶುರುವಾದ ಜಾಗಕ್ಕೆ ಮೇಲಿಂದ ಪೇಂಟು ಹೊಡೆದರೆ ಉಪಯೋಗವಿಲ್ಲ, ಒಳಗಿನ ತೇವ ಒಳಗೇ ಉಳಿದು ತುಕ್ಕು ಮುಂದುವರಿಯುತ್ತೆ.

ತುಕ್ಕು ಹಿಡಿದ ಕಬ್ಬಿಣ ಮೊದಲಿನದಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತೆ. ಆ ಒತ್ತಡಕ್ಕೇ ಕಾಂಕ್ರೀಟ್ ಕಂಬಿಯ ಉದ್ದಕ್ಕೂ ಬಿರಿದು ಚಕ್ಕೆ ಏಳುತ್ತೆ. ಎದ್ದ ಜಾಗವನ್ನು ಸುತ್ತಿಗೆಯಿಂದ ತಟ್ಟಿದರೆ 'ಟಣ್' ಅನ್ನುವ ಬದಲು 'ಡಬ್ ಡಬ್' ಅಂತ ಟೊಳ್ಳು ಶಬ್ದ ಬರುತ್ತೆ. ಮೇಸ್ತ್ರಿ ಮೆತ್ತಿದ ಸಿಮೆಂಟು ಉಳಿಯದಿರುವ ಗುಟ್ಟೂ ಇದೇ. ಕಂಬಿಯ ಮೇಲಿನ ತುಕ್ಕು ತೆಗೆಯದೆ, ಅದರ ಹಿಂದಿನ ಸತ್ತ ಕಾಂಕ್ರೀಟ್ ಒಡೆಯದೆ ಹೊಸದನ್ನು ಹಚ್ಚಿದರೆ ತುಕ್ಕು ತನ್ನ ಪಾಡಿಗೆ ಉಬ್ಬುತ್ತಾ ಹೋಗಿ ಹೊಸದನ್ನೂ ತಳ್ಳುತ್ತೆ.

ಸರಿಯಾದ ರಿಪೇರಿಯಲ್ಲಿ ಮೊದಲ ಕೆಲಸ ಸ್ಲ್ಯಾಬಿಗೆ ಅಥವಾ ಸಜ್ಜಾಕ್ಕೆ ಊರೆ ಕೊಡುವುದು. ಆಮೇಲೆ ಟೊಳ್ಳಾದ ಕಾಂಕ್ರೀಟನ್ನು ಕಂಬಿಯ ಹಿಂದೆ ಬೆರಳು ಹೋಗುವಷ್ಟು ಒಡೆಯಬೇಕು. ಕಂಬಿಯ ಉದ್ದಕ್ಕೆ ತುಕ್ಕು ಎಲ್ಲಿ ಮುಗಿಯುತ್ತೋ ಅಲ್ಲಿಯ ತನಕ ಬಿಡಿಸಿ, ತಂತಿ ಬ್ರಷ್ಷಿನಿಂದ ಬಿಳಿ ಕಬ್ಬಿಣ ಕಾಣುವ ತನಕ ಉಜ್ಜಬೇಕು. ಉಳಿದ ದಪ್ಪವನ್ನು ವರ್ನಿಯರಿನಿಂದ ಅಳೆಯಬೇಕು. 8 ಮಿ.ಮೀ. ಕಂಬಿ 7 ಮಿ.ಮೀ.ಗೆ ಬಂದಿದ್ದರೆ ಒಂದೇ ಮಿ.ಮೀ. ಅಲ್ಲವೇ ಅನ್ನಿಸುತ್ತೆ, ಆದರೆ ಕಬ್ಬಿಣದಲ್ಲಿ ಶೇ. 23ರಷ್ಟು ಹೋಗಿರುತ್ತೆ. ಅಷ್ಟು ಹೋದ ಕಡೆ ಪಕ್ಕದಲ್ಲಿ ಹೊಸ ಕಂಬಿ ಕಟ್ಟಬೇಕೋ ಎಂದು ಎಂಜಿನಿಯರ್ ಹೇಳಬೇಕು, ಮೇಸ್ತ್ರಿಯ ಅಂದಾಜು ಸಾಲದು. ಕಂಬಿಗೆ ತುಕ್ಕು ತಡೆಯುವ ಪ್ರೈಮರ್ ಹಚ್ಚಿ, ಪಾಲಿಮರ್ ಬೆರೆಸಿದ ರಿಪೇರಿ ಗಾರೆಯನ್ನು ಒತ್ತಿ ತುಂಬಿ, ನೀರು ಕುಡಿಸಿ ಹದ ಮಾಡಿದರೆ ಕೆಲಸ ನಿಲ್ಲುತ್ತೆ.

ಪರೀಕ್ಷೆ ಮಾಡಿಸುವವರು ಎಂಜಿನಿಯರಿಂದ ಬಾಯಿಮಾತಿನ "ಓಕೆ" ತೆಗೆದುಕೊಳ್ಳದೆ ಒಂದು ಹಾಳೆಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು: ಗುಂಡಿ ತೆಗೆದ ಜಾಗ, ದಿನಾಂಕ, ಪ್ಲಾಸ್ಟರ್ ದಪ್ಪ, ಬಣ್ಣವಿಲ್ಲದ ಸರಾಸರಿ ಮತ್ತು ಗರಿಷ್ಠ ಆಳ, ಕಂಬಿಯ ಆಳ, ಕಂಬಿಯ ಸ್ಥಿತಿ, ಜಾಗ ಒಣಗಿತ್ತೋ ಒದ್ದೆಯೋ. ಸ್ಕೇಲು ಇಟ್ಟು ತೆಗೆದ ಫೋಟೊ ಇರಲಿ, ಬಣ್ಣ ಕೆಲವು ದಿನದಲ್ಲಿ ಮಾಸಿಹೋಗುತ್ತೆ. ಗುಂಡಿಗಳನ್ನು ಅದೇ ದಿನ ರಿಪೇರಿ ಗಾರೆಯಿಂದ ತುಂಬಿಸಬೇಕು. ತೆರೆದೇ ಬಿಟ್ಟರೆ ಕಂಬಿಗೆ ಗಾಳಿ ನೀರು ಹೋಗುವ ಹೊಸ ದಾರಿಯನ್ನು ಪರೀಕ್ಷೆಯೇ ಮಾಡಿಕೊಟ್ಟಂತಾಗುತ್ತೆ.